ಥೀಟಾ 12 ಅಂತ ತೋರಿಸಿದ್ರೆ ವಾರಕ್ಕೆ 84 ಅಂತ ಲೆಕ್ಕ ಹಾಕಬೇಡಿ

ಪ್ರಶ್ನೆ: ಸರ್, ದಾವಣಗೆರೆ ಮಂಡಿಪೇಟೆಲಿ ಬಟ್ಟೆ ಅಂಗಡಿ ಇದೆ. ನಿಫ್ಟಿ 25000ದಲ್ಲಿದ್ದಾಗ ಮಂಗಳವಾರ ಸಂಜೆ ಮುಂದಿನ ವಾರದ 25000 ಸಿಇ, ಅಂದ್ರೆ ಕಾಲ್ ಆಪ್ಷನ್, 166ಕ್ಕೆ ತಗೊಂಡೆ. ಥೀಟಾ ಮೈನಸ್ 12 ತೋರಿಸ್ತಿತ್ತು. ಏಳು ದಿನಕ್ಕೆ 84 ಹೋಗುತ್ತೆ, ಮಾರ್ಕೆಟ್ ಅಲ್ಲೇ ನಿಂತ್ರೂ ಅರ್ಧ ದುಡ್ಡು ಉಳಿಯುತ್ತೆ ಅಂದ್ಕೊಂಡೆ. ಶುಕ್ರವಾರ 115 ಇತ್ತು, ಸೋಮವಾರ 65, ಮಂಗಳವಾರ ಸಂಜೆ 4 ರೂಪಾಯಿ. ನಿಫ್ಟಿ ಅಲ್ಲೇ ಇದೆ! ಥೀಟಾ ತಪ್ಪು ತೋರಿಸ್ತಾ? ಇನ್ಮೇಲೆ ವೀಕ್ಲಿ ಬಿಟ್ಟು ಮಂತ್ಲಿ ತಗೊಳ್ಳೋದೇ ಸರಿನಾ?

ಉತ್ತರ: ಥೀಟಾ ಸರಿಯಾಗೇ ತೋರಿಸಿದೆ. ಅದನ್ನು ನೀವು ಏಳರಿಂದ ಗುಣಿಸಿದ್ದೇ ತಪ್ಪು. ಆ 12 ಅನ್ನೋದು ಬ್ಯಾಂಕ್ ಸಾಲದ ಕಂತಿನ ಥರ ತಿಂಗಳು ತಿಂಗಳು ಒಂದೇ ಇರುವ ಸಂಖ್ಯೆ ಅಲ್ಲ. ಮಾರ್ಕೆಟ್ ಅಲ್ಲಾಡದಿದ್ದರೆ ಆಪ್ಷನ್ ರೇಟು ಇವತ್ತಿಂದ ನಾಳೆಗೆ ಎಷ್ಟು ಕರಗುತ್ತದೆ ಅನ್ನುವುದು ಮಾತ್ರ. ನಾಳೆ ನೋಡಿದರೆ 13 ಇರುತ್ತದೆ, ನಾಡಿದ್ದು 14. ಕೊನೆಯ ದಿನ 60 ದಾಟುತ್ತದೆ.

ಇಲ್ಲೊಂದು ಮಜಾ ಇದೆ, ನೀವೇ ಪರೀಕ್ಷೆ ಮಾಡಬಹುದು. ನಿಫ್ಟಿ ಎಲ್ಲಿದೆಯೋ ಅದೇ ಸ್ಟ್ರೈಕ್‌ನ ಆಪ್ಷನ್, ಅಂದರೆ ಎಟಿಎಂ ತೆಗೆದುಕೊಂಡು, ಅದರ ಥೀಟಾವನ್ನು ಉಳಿದ ದಿನಗಳಿಂದ ಗುಣಿಸಿ. ಉತ್ತರ ಯಾವಾಗಲೂ ಪ್ರೀಮಿಯಂನ, ಅಂದರೆ ಆಪ್ಷನ್‌ಗೆ ಕೊಡುವ ದುಡ್ಡಿನ, ಅರ್ಧದ ಆಸುಪಾಸಿಗೇ ಬರುತ್ತದೆ. ನಿಮ್ಮದೂ ಹಾಗೇ ಬಂದಿದೆ ನೋಡಿ, 166ಕ್ಕೆ 84. ಎಕ್ಸ್‌ಪೈರಿ ದಿನ ಅದೇ ಸ್ಟ್ರೈಕ್‌ನಲ್ಲಿ ನಿಂತರೆ ಪೂರ್ತಿ 166 ಹೋಗಲೇಬೇಕು ಅಲ್ವಾ? ಹಾಗಾದರೆ ಉಳಿದ ಅರ್ಧ ಯಾವಾಗ ಹೋಗುತ್ತದೆ? ದಿನ ಕಳೆದಂತೆ ಥೀಟಾ ಏರುತ್ತಲ್ಲ, ಆ ಏರಿಕೆಯಲ್ಲಿ. ನೀವು ಲೆಕ್ಕಕ್ಕೆ ತೆಗೆದುಕೊಳ್ಳದೇ ಬಿಟ್ಟಿದ್ದು ಅದನ್ನೇ.

ಯಾಕೆ ಹೀಗೆ ಅಂದರೆ, ಮೆಕ್ಕೆಜೋಳದ ಲೆಕ್ಕದಲ್ಲಿ ಹೇಳ್ತೀನಿ, ನಮ್ಮ ಊರಲ್ಲಿ ಎಲ್ಲರಿಗೂ ಗೊತ್ತಿರುವ ಮಾಲು. ಒಂದು ವಾರದಲ್ಲಿ ಕ್ವಿಂಟಲ್ ಮೇಲೆ ಸಾಮಾನ್ಯವಾಗಿ ಹೆಚ್ಚುಕಮ್ಮಿ 40 ರೂಪಾಯಿ ಆಚೀಚೆ ಆಗುತ್ತದೆ ಅಂತ ಇಟ್ಟುಕೊಳ್ಳಿ. ನಾಲ್ಕು ವಾರದಲ್ಲಿ ಎಷ್ಟು ಆಗಬಹುದು? 160 ಅನ್ನಬೇಡಿ. ಒಂದು ವಾರ ಏರುತ್ತದೆ, ಇನ್ನೊಂದು ವಾರ ಇಳಿಯುತ್ತದೆ, ಒಂದಕ್ಕೊಂದು ವಜಾ ಆಗುತ್ತದೆ. ಯಾವ ಕಡೆಗೂ ಒಲವಿಲ್ಲದೆ ರೇಟು ಓಡಾಡಿದರೆ ನಾಲ್ಕು ವಾರಕ್ಕೆ ಸುಮಾರು 80 ಬರುತ್ತದೆ. ದಿನ ನಾಲ್ಕು ಪಟ್ಟು, ಓಡಾಟ ಎರಡೇ ಪಟ್ಟು. ಓಡಾಟ ಬೆಳೆಯುವುದು ದಿನಗಳ ವರ್ಗಮೂಲದ ಲೆಕ್ಕದಲ್ಲಿ. ಎಟಿಎಂ ಆಪ್ಷನ್‌ಗೆ ನೀವು ಕೊಡುವ ದುಡ್ಡು ಈ ಓಡಾಟದ ಬೆಲೆಯೇ ಆದ್ದರಿಂದ ಅದರ ರೇಟೂ ವರ್ಗಮೂಲದಲ್ಲೇ ನಡೆಯುತ್ತದೆ. ಮಂತ್ಲಿ ಆಪ್ಷನ್ ವೀಕ್ಲಿಯ ನಾಲ್ಕರಷ್ಟು ರೇಟಿಗೆ ಸಿಗದೆ ಎರಡರಷ್ಟಕ್ಕೇ ಸಿಗುವುದು ಇದಕ್ಕೇ.

ಮೊಬೈಲ್ ಶೀಟ್‌ನಲ್ಲಿ ಇದನ್ನು ಟೈಪ್ ಮಾಡಿ ನೋಡಿ:

```
=0.4*25000*0.12*SQRT(7/365)
```

25000 ನಿಫ್ಟಿ, 0.12 ಅಂದರೆ ಐವಿ ಶೇ 12, ಅಂದರೆ ವರ್ಷಕ್ಕೆ ನಿಫ್ಟಿ ಎಷ್ಟು ಓಡಾಡಬಹುದು ಅಂತ ಮಾರ್ಕೆಟ್ ಹಾಕಿರುವ ಅಂದಾಜು, 7 ಅಂದರೆ ಉಳಿದ ದಿನ. 166 ಬರುತ್ತದೆ. 7 ಇದ್ದಲ್ಲಿ 28 ಹಾಕಿ, 332 ಬರುತ್ತದೆ. ಬಡ್ಡಿ, ಫ್ಯೂಚರ್ಸ್ ಪ್ರೀಮಿಯಂ ಇದರಲ್ಲಿಲ್ಲ, ಹಾಗಾಗಿ ಸ್ಕ್ರೀನ್ ಮೇಲಿನ ರೇಟು ಸ್ವಲ್ಪ ಬೇರೆ ಇರುತ್ತದೆ. ಅಂದಾಜಿಗೆ ಇಷ್ಟು ಸಾಕು. ಈಗ 28 ದಿನದ ಆ 332 ನಿಫ್ಟಿ ಅಲ್ಲಾಡದೆ ನಿಂತರೆ ವಾರವಾರ ಹೇಗೆ ಕರಗುತ್ತದೆ ನೋಡಿ. ಮೊದಲ ವಾರ 44 ಹೋಗಿ 288. ಎರಡನೇ ವಾರ 53 ಹೋಗಿ 235. ಮೂರನೇ ವಾರ 69 ಹೋಗಿ 166. ಕೊನೇ ವಾರ ಆ 166 ಪೂರ್ತಿ. ಅರ್ಧ ದುಡ್ಡು ಕೊನೇ ವಾರದಲ್ಲೇ ಹೋಗುತ್ತದೆ. ವೀಕ್ಲಿ ಕೊಳ್ಳುವುದು ಅಂದರೆ ಆ ಕೊನೇ ವಾರವನ್ನೇ ಕೊಳ್ಳುವುದು.

ನಿಮ್ಮ ಶುಕ್ರವಾರದ 115 ಬಗ್ಗೆ ಒಂದು ಮಾತು. ದಿನಗಳನ್ನು ಕ್ಯಾಲೆಂಡರ್ ಪ್ರಕಾರ ಎಣಿಸಿದರೆ ಶುಕ್ರವಾರ ಸಂಜೆ ಇನ್ನೂ ನಾಲ್ಕು ದಿನ ಬಾಕಿ, ರೇಟು 126 ಇರಬೇಕಿತ್ತು. ಟ್ರೇಡಿಂಗ್ ದಿನ ಮಾತ್ರ ಎಣಿಸಿದರೆ ಸೋಮವಾರ, ಮಂಗಳವಾರ ಎರಡೇ ಬಾಕಿ, ಆಗ ಸುಮಾರು 105. ಮಾರ್ಕೆಟ್ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಶನಿವಾರ ಭಾನುವಾರದ ಸವಕಳಿಯಲ್ಲಿ ಒಂದು ಪಾಲನ್ನು ಮಾರುವವರು ಶುಕ್ರವಾರವೇ ರೇಟಿನಿಂದ ಇಳಿಸಿರುತ್ತಾರೆ. ಅದಕ್ಕೇ 'ಶುಕ್ರವಾರ ಮಧ್ಯಾಹ್ನ ಮಾರಿ ಸೋಮವಾರ ಮೂರು ದಿನದ ಥೀಟಾ ಪುಕ್ಕಟೆ ತಿನ್ನೋಣ' ಅನ್ನುವವರ ಆಟ ಅಂದುಕೊಂಡಷ್ಟು ನಡೆಯುವುದಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ, ವೀಕ್ಲಿನಾ ಮಂತ್ಲಿನಾ. ಎನ್‌ಎಸ್‌ಇಯಲ್ಲಿ ಈ ಪ್ರಶ್ನೆ ಉಳಿದಿರುವುದು ನಿಫ್ಟಿಗೆ ಮಾತ್ರ. ಬ್ಯಾಂಕ್ ನಿಫ್ಟಿ ವೀಕ್ಲಿ 2024ರ ನವೆಂಬರ್‌ನಲ್ಲೇ ನಿಂತಿತು, ಶೇರುಗಳ ಆಪ್ಷನ್ ಎಲ್ಲ ಮಂತ್ಲಿನೇ. ಬಿಎಸ್‌ಇಯಲ್ಲಿ ಸೆನ್ಸೆಕ್ಸ್ ಇದೆ.

ಒಂದು ಮಂತ್ಲಿ 332, ಎರಡು ವೀಕ್ಲಿ ಸೇರಿದರೂ 332. ಒಂದೇ ದುಡ್ಡು ಆಯ್ತಲ್ಲ, ಈಗ ಹೋಲಿಸಬಹುದು. ನಿಫ್ಟಿ 200 ಪಾಯಿಂಟ್ ಏರುತ್ತದೆ ಅಂತ ನಿಮ್ಮ ಅಂದಾಜು, ಆ ಅಂದಾಜು ಸರಿಯಾಗೇ ಇದೆ ಅಂತಲೇ ಇಟ್ಟುಕೊಳ್ಳೋಣ. ಐವಿ ಬದಲಾಗಿಲ್ಲ. ಗೊತ್ತಿಲ್ಲದ್ದು ಒಂದೇ, ಯಾವತ್ತು ಏರುತ್ತದೆ ಅನ್ನುವುದು.

ಮಾರನೇ ದಿನವೇ 25200 ಆದರೆ ವೀಕ್ಲಿ 274ಕ್ಕೆ ಹೋಗುತ್ತದೆ, ಎರಡರಿಂದ 216 ಪಾಯಿಂಟ್ ಲಾಭ. ಮಂತ್ಲಿ 435 ಆಗುತ್ತದೆ, ಲಾಭ 103. ವೀಕ್ಲಿ ತಗೊಂಡವನಿಗೆ ಎರಡು ಪಟ್ಟು ಸಿಕ್ಕಿತು. ಐದು ದಿನ ಸುಮ್ನೆ ನಿಂತು ಆಮೇಲೆ 200 ಏರಿದರೆ? ವೀಕ್ಲಿ 222, ಎರಡರಿಂದ 112 ಲಾಭ. ಮಂತ್ಲಿ 411, ಲಾಭ 79. ಇನ್ನೂ ವೀಕ್ಲಿನೇ ಮುಂದೆ, ಆದರೆ ಅಂತರ ಸಣ್ಣದಾಯಿತು. ಒಂಬತ್ತನೇ ದಿನ ಏರಿದರೆ ವೀಕ್ಲಿ ಎರಡೂ ಸೊನ್ನೆ, 332 ಪೂರ್ತಿ ನೀರಲ್ಲಿ ಹೋಮ. ಮಂತ್ಲಿ 385ರಲ್ಲಿರುತ್ತದೆ, 53 ಲಾಭ. ಏಳು ದಿನದಲ್ಲಿ ಏನೂ ಆಗದಿದ್ದರೆ ಒಬ್ಬನಿಗೆ 332 ನಷ್ಟ, ಇನ್ನೊಬ್ಬನಿಗೆ 44.

ಈ ನಾಲ್ಕು ಸಾಲನ್ನು ಇನ್ನೊಂದು ಸಲ ಓದಿ. ಅಂದಾಜು ಮೂರು ಸಲವೂ ಸರಿ ಇತ್ತು. ದಿನ ತಪ್ಪಿದ್ದಕ್ಕೇ ಒಬ್ಬ ಮುಳುಗಿದ. ಹಾಗಾಗಿ ವೀಕ್ಲಿ ಕೊಳ್ಳುವ ಮೊದಲು 'ಏರುತ್ತಾ' ಅನ್ನುವ ಜೊತೆಗೆ 'ಈ ಮೂರು ದಿನದಲ್ಲೇ ಏರುತ್ತಾ, ಯಾಕೆ' ಅಂತ ಕೇಳಿಕೊಳ್ಳಬೇಕು. ಅದಕ್ಕೆ ಉತ್ತರ ಇಲ್ಲದವರಿಗೆ ವೀಕ್ಲಿ ದುಬಾರಿ ಮಾಲು. ನೀವು ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತಾ, ಗಿರಾಕಿ ಹೋದ ಮೇಲೆ ಫೋನ್ ನೋಡುವವರು. ನಿಮ್ಮಿಂದ ದಿನ ಹಿಡಿಯಲು ಆಗುತ್ತದೆ ಅಂತ ನನಗೆ ಅನ್ನಿಸಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನನ್ನಿಂದಲೂ ಆಗಲ್ಲ.

ಹಾಗಾದರೆ ಮಂತ್ಲಿ ಅಗ್ಗನಾ? ಇಲ್ಲೇ ಜನ ಎಡವುವುದು. ಅಗ್ಗ ಅಲ್ಲ. ಥೀಟಾ ಅನ್ನುವುದು ಬಾಡಿಗೆ, ಬಾಡಿಗೆಗೆ ಪ್ರತಿಯಾಗಿ ನಿಮಗೆ ಸಿಗುವುದು ಗಾಮಾ, ಅಂದರೆ ಮಾರ್ಕೆಟ್ ನಿಮ್ಮ ಕಡೆ ಜಿಗಿದರೆ ಆಪ್ಷನ್ ಬರಬರುತ್ತಾ ಜಾಸ್ತಿ ವೇಗದಲ್ಲಿ ಏರುವ ಗುಣ. ವೀಕ್ಲಿಗೆ ಮೊದಲ ದಿನದ ಬಾಡಿಗೆ 12, ಮಂತ್ಲಿಗೆ 6. ಒಂದು ದಿನದಲ್ಲಿ ನಿಫ್ಟಿ ಸುಮಾರು 157 ಪಾಯಿಂಟ್ ಆಚೆಗೋ ಈಚೆಗೋ ಹೋದರೆ ಈ ಗಾಮಾದಿಂದ ಬರುವ ಹೆಚ್ಚುವರಿ ಲಾಭ ವೀಕ್ಲಿಯಲ್ಲಿ 12, ಮಂತ್ಲಿಯಲ್ಲಿ 6. ಎರಡಕ್ಕೂ ಬಾಡಿಗೆ ಅಲ್ಲಿಗಲ್ಲಿಗೆ ತೀರಿತು. ಐವಿ ಒಂದೇ ಇದ್ದರೆ ಎರಡರಲ್ಲೂ ಬಾಡಿಗೆ ತೀರಲು ಬೇಕಾದ ಓಡಾಟ ಅದೇ 157. ದೊಡ್ಡ ಮಳಿಗೆಗೆ ದೊಡ್ಡ ಬಾಡಿಗೆ, ಸಣ್ಣದಕ್ಕೆ ಸಣ್ಣದು, ಚದರಡಿ ರೇಟು ಒಂದೇ. ಮಂತ್ಲಿಯಲ್ಲಿ ನಿಮಗೆ ಸಿಗುವುದು ಕಾಯುವ ಅವಕಾಶ, ಅದಕ್ಕೆ ಬದಲಾಗಿ ರೇಟಿನ ಜಿಗಿತ ಸಣ್ಣದಾಗುತ್ತದೆ.

ಇಷ್ಟು ಹೇಳಿದ ಮೇಲೆ ನೀವು ಮುಂದೇನು ಮಾಡ್ತೀರಿ ಅಂತಲೂ ನನಗೆ ಗೊತ್ತು, ಯಾಕಂದರೆ ಮಂಡಕ್ಕಿ ತಿನ್ನುತ್ತಾ ಮಾರ್ಕೆಟ್ ಮಾತಾಡುವ ನಮ್ಮ ಗುಂಪಲ್ಲಿ ನಾಲ್ಕು ಜನ ಹೀಗೇ ಮಾಡಿದ್ದಾರೆ. 'ಅಣ್ಣ, ಮಂತ್ಲಿ 332 ಜಾಸ್ತಿ ಆಯ್ತು' ಅಂತ ಆಪ್ಷನ್ ಚೈನ್‌ನಲ್ಲಿ ಕೆಳಗೆ ಜಾರಿಸಿಕೊಂಡು ಹೋಗಿ, 25500 ಸಿಇ 140ಕ್ಕೆ ಸಿಗುತ್ತಿದೆ ಅಂತ ಅದನ್ನು ತಗೊಳ್ಳುತ್ತಾರೆ. ವೀಕ್ಲಿಗಿಂತ ಕಮ್ಮಿ ದುಡ್ಡು, 28 ದಿನ ಟೈಮು, ಥೀಟಾ ಮೆಲ್ಲಗೆ. ಎಲ್ಲ ಸರಿಯಾಗೇ ಕಾಣುತ್ತದೆ.

ಆದರೆ ಮೊದಲೆಲ್ಲ ಮೆಲ್ಲಗೆ, ಕೊನೆಗೆ ಜೋರು ಅನ್ನುವ ಗೆರೆ ಎಟಿಎಂಗೆ ಮಾತ್ರ. ಸ್ಟ್ರೈಕ್ ದೂರ ಹೋದಂತೆ ಗೆರೆಯ ಆಕಾರವೇ ಬೇರೆ. ನಿಫ್ಟಿ ನಿಂತಲ್ಲೇ ನಿಂತರೆ ಆ 140 ಮೊದಲ ವಾರ 104 ಆಗುತ್ತದೆ, ಎರಡನೇ ವಾರ 64, ಮೂರನೇ ವಾರ 23, ಆಮೇಲೆ ಸೊನ್ನೆ. ವಾರವಾರದ ಸವಕಳಿ 36, 40, 41, ಕೊನೆಗೆ 23. ಹೆಚ್ಚುಕಮ್ಮಿ ನೇರ ಗೆರೆ, ಕೊನೆಯಲ್ಲಿ ನಿಧಾನ! ಕಾರಣ ಸರಳ. ದೂರದ ಸ್ಟ್ರೈಕ್‌ಗೆ ಬೆಲೆ ಇರುವುದು ಅಲ್ಲಿಗೆ ತಲುಪುವ ಆಸೆಯಿಂದ. ಟೈಮು ಕಮ್ಮಿ ಆದಂತೆ ಆಸೆ ಮೊದಲೇ ಸಾಯುತ್ತದೆ, ಕೊನೇ ವಾರ ಕರಗಲು ಹೆಚ್ಚೇನೂ ಉಳಿದಿರುವುದಿಲ್ಲ. ಮೊದಲ ವಾರದಲ್ಲೇ ಎಟಿಎಂ ಮಂತ್ಲಿ ತಗೊಂಡವನು ತನ್ನ ದುಡ್ಡಲ್ಲಿ ಶೇ 13 ಕಳೆದುಕೊಂಡರೆ ಇವನು ಶೇ 26 ಕಳೆದುಕೊಂಡ. ಮಂತ್ಲಿಯಲ್ಲಿ ಥೀಟಾ ಕಮ್ಮಿ ಅನ್ನುವ ಮಾತು ನಂಬಿ 25500 ಕೊಂಡರೆ ಆ ಮಾತಿನ ಪ್ರಯೋಜನ ನಿಮಗೆ ಸಿಗುವುದೇ ಇಲ್ಲ.

ಮಾರುವವರಿಗೂ ಇದೇ ಗೆರೆ ಉಲ್ಟಾ ಹೊಡೆಯುತ್ತದೆ. ಕೆಲವು ವರ್ಷದ ಹಿಂದೆ ನಾನು ಮತ್ತು ಚಳ್ಳಕೆರೆಯ ಒಬ್ಬ ಎಣ್ಣೆ ಮಿಲ್ ಸ್ನೇಹಿತರು ಸೇರಿ ಕೊನೇ ವಾರ ಥೀಟಾ ಜೋರು ಅಂತ ಎಕ್ಸ್‌ಪೈರಿಗೆ ನಾಲ್ಕು ದಿನ ಇರುವಾಗ ಶೇ 2 ದೂರದ ಕಾಲ್ ಮಾರುತ್ತಿದ್ದೆವು. ಏಳು ಪಾಯಿಂಟ್ ಸಿಗುತ್ತಿತ್ತು. ಏಳೆಂಟು ವಾರ ಚೆನ್ನಾಗಿ ನಡೆಯಿತು. ಒಂದು ಸೋಮವಾರ ಬೆಳಗ್ಗೆ ಗ್ಯಾಪ್‌ಅಪ್ ಆಗಿ ಸೂಚ್ಯಂಕ ನೇರ ನಮ್ಮ ಸ್ಟ್ರೈಕ್ ಮೇಲೆ ಬಂದು ಕೂತಿತು. ಏಳಕ್ಕೆ ಮಾರಿದ್ದನ್ನು 60ಕ್ಕೆ ಕೊಂಡು ಹೊರಬಿದ್ದೆವು. ಏಳೆಂಟು ವಾರದ ಗಳಿಕೆ ಚಹಾ ಆರುವಷ್ಟರಲ್ಲಿ ಹೋಯಿತು. ನಾವು ತಿನ್ನಲು ಹೋಗಿದ್ದ ಜೋರು ಥೀಟಾ ಇದ್ದದ್ದು ಎಟಿಎಂನಲ್ಲಿ, ನಾವು ಮಾರಿದ್ದು ಅದಿಲ್ಲದ ಜಾಗದಲ್ಲಿ. ಅಪಾಯ ಮಾತ್ರ ಕೊನೇ ವಾರದ್ದೇ.

ಮಂತ್ಲಿಯಲ್ಲಿ ಇನ್ನೊಂದು ಕಡೆ ಹೊಡೆತ ಬೀಳುತ್ತದೆ, ಐವಿಯಿಂದ. ಐವಿ ಒಂದು ಪಾಯಿಂಟ್, ಅಂದರೆ ಶೇ 12ರಿಂದ 11ಕ್ಕೆ ಇಳಿದರೆ ನಿಮ್ಮ 332ರ ಮಂತ್ಲಿಯಲ್ಲಿ ಸುಮಾರು 28 ಹೋಗುತ್ತದೆ, ವೀಕ್ಲಿಯಲ್ಲಿ 14. ಮಂತ್ಲಿಗೆ ಅದು ಸುಮಾರು ಐದು ದಿನದ ಥೀಟಾ ಒಂದೇ ಏಟಿಗೆ ಹೋದ ಹಾಗೆ. 2024ರ ಜೂನ್ 4, ಲೋಕಸಭಾ ಫಲಿತಾಂಶದ ದಿನ ನಿಫ್ಟಿ 1,379 ಪಾಯಿಂಟ್ ಬಿತ್ತು, ನೆನಪಿದೆ ಅಲ್ವಾ? ಮಾರನೇ ದಿನ ನಿಫ್ಟಿ ಆಪ್ಷನ್‌ಗಳ ಐವಿ ತೋರಿಸುವ ಇಂಡಿಯಾ ವಿಕ್ಸ್ 26ರ ಮೇಲಿಂದ 19ರ ಆಸುಪಾಸಿಗೆ ಇಳಿಯಿತು. ಅಂಥ ಹೊತ್ತಲ್ಲಿ ಥೀಟಾ ಎಷ್ಟು ಅಂತ ನೋಡುವುದೇ ದಂಡ. ಬಜೆಟ್, ಚುನಾವಣಾ ಫಲಿತಾಂಶ ಇಂಥದ್ದರ ಮುಂಚೆ ಪ್ರೀಮಿಯಂ ದಿನ ಕಳೆದರೂ ಅಷ್ಟಾಗಿ ಕರಗುವುದಿಲ್ಲ, ಥೀಟಾ ಎಲ್ಲಿ ಹೋಯಿತು ಅನ್ನಿಸುತ್ತದೆ. ಸುದ್ದಿ ಬಂದ ಮೇಲೆ ಒಟ್ಟಿಗೇ ಹೋಗುತ್ತದೆ. ನಾನು ಮೇಲೆ ಕೊಟ್ಟ ನುಣುಪಾದ ಲೆಕ್ಕ ಆ ದಿನಗಳಿಗೆ ಹೊಂದಲ್ಲ. ಆಗ ಮಾರಿದವರು ಜಾಣರು ಅಂತಲೂ ಅಲ್ಲ, ಕೊಂಡವರು ಮಾತ್ರ ಐವಿ ಎಷ್ಟು ಉಬ್ಬಿದೆ ಅಂತ ನೋಡದೆ ಮುಟ್ಟಬಾರದು.

ಇನ್ನು ನೀವು ಏನು ಮಾಡಬಹುದು. ನಿಮ್ಮ ಅಂದಾಜು ನಿಜವಾಗಲು ಎಷ್ಟು ದಿನ ಬೇಕು ಅಂತ ಮೊದಲು ಬರೆದಿಟ್ಟುಕೊಳ್ಳಿ, ಏಳು ದಿನ ಅನ್ನೋಣ. ಅದರ ಎರಡರಷ್ಟು ದಿನ ಇರುವ ಎಟಿಎಂ ಕೊಂಡು, ಏಳು ದಿನದಲ್ಲಿ ಏನೂ ಆಗದೆ ಹೊರಬಂದರೆ ಹೋಗುವುದು ದುಡ್ಡಿನ ಶೇ 29. ನಾಲ್ಕರಷ್ಟು ದಿನ ಇರುವುದನ್ನು ಕೊಂಡರೆ ಶೇ 13. ಅಷ್ಟೇ ದಿನದ್ದು ಕೊಂಡರೆ ಶೇ 100, ನಿಮಗೆ ಆದ ಹಾಗೆ. ನಿಫ್ಟಿ 25000ವೇ ಇರಲಿ, 20000ವೇ ಇರಲಿ, ಐವಿ ಎಷ್ಟೇ ಇರಲಿ, ಅದು ನಡುವೆ ಬದಲಾಗದಿದ್ದರೆ ಎಟಿಎಂಗೆ ಈ ಶೇಕಡಾವಾರು ಇದೇ. ಹಾಗಾಗಿ ನಾನು ಏಳು ದಿನದ ಅಂದಾಜಿಗೆ ಮೂರು-ನಾಲ್ಕು ವಾರ ಇರುವುದನ್ನೇ ನೋಡುತ್ತೇನೆ. ತಿಂಗಳ ಕೊನೇ ಮಂಗಳವಾರ ಹತ್ತಿರ ಬಂದಿದ್ದರೆ ಈ ತಿಂಗಳದ್ದು ಬಿಟ್ಟು ಮುಂದಿನ ತಿಂಗಳದ್ದು. ಹೆಸರಿಗೆ ಮಂತ್ಲಿ ಆದರೂ ಎಂಟು ದಿನ ಬಾಕಿ ಇದ್ದರೆ ಅದು ವೀಕ್ಲಿನೇ, ಥೀಟಾ ಹೆಸರು ನೋಡಲ್ಲ.

ಕೊಂಡ ಮೇಲೆ ಹೊರಬರುವ ದಿನ ಪಕ್ಕಾ ಇರಬೇಕು. ಮಂತ್ಲಿ ಕೊಂಡು ಕೊನೇ ವಾರದವರೆಗೆ ಹಿಡಿದುಕೊಂಡು ಕೂತರೆ, ಸಣ್ಣ ಬಾಡಿಗೆಯ ಮೂರು ವಾರ ಕಳೆದು ದೊಡ್ಡ ಬಾಡಿಗೆಯ ವಾರಕ್ಕೆ ನೀವೇ ನಡೆದು ಹೋದ ಹಾಗೆ. ಜನ ಯಾಕೆ ಹಾಗೆ ಮಾಡುತ್ತಾರೆ ಅಂದರೆ 332 ಇದ್ದದ್ದು 166ಕ್ಕೆ ಬಂದಿರುತ್ತದೆ, ಈಗ ಮಾರಿದರೆ ನಷ್ಟ ಅಂತ. ಆಗ ಒಂದು ಕೆಲಸ ಮಾಡಿ: 'ಇವತ್ತು ಕೈಯಲ್ಲಿ 166 ಇದ್ದರೆ ಈ ವೀಕ್ಲಿಯನ್ನು ಹೊಸದಾಗಿ ಕೊಳ್ಳುತ್ತಿದ್ದೆನಾ' ಅಂತ ಕೇಳಿಕೊಳ್ಳಿ. ಇಲ್ಲ ಅಂದರೆ ಮಾರಿ.

ಒಂದು ತೊಡಕು ಹೇಳಿಬಿಡ್ತೀನಿ. ಒಂದು ಲಾಟ್ ಮಂತ್ಲಿಗೆ ವೀಕ್ಲಿಯ ಎರಡರಷ್ಟು ದುಡ್ಡು ಬೇಕು. ನಿಮ್ಮ ಹತ್ತಿರ ಒಂದು ವೀಕ್ಲಿಗೆ ಆಗುವಷ್ಟೇ ಇದ್ದರೆ ಮಂತ್ಲಿ ಆಗುವುದಿಲ್ಲ, ಆಗ ದೂರದ ಸ್ಟ್ರೈಕ್‌ಗೆ ಹೋಗಬೇಡಿ. ದುಡ್ಡು ಇದ್ದೂ 332 ಪೂರ್ತಿ ಅಪಾಯಕ್ಕೆ ಒಡ್ಡಲು ಇಷ್ಟವಿಲ್ಲದಿದ್ದರೆ ಮಂತ್ಲಿ 25000 ಸಿಇ ಕೊಂಡು, ಅದೇ ಎಕ್ಸ್‌ಪೈರಿಯ 25500 ಸಿಇ ಮಾರಿ. 332 ಕೊಟ್ಟು 140 ಪಡೆದರೆ ನಿವ್ವಳ 192. ನಿಫ್ಟಿ ಅಲ್ಲೇ ನಿಂತರೆ ಮೊದಲ ವಾರ ಕೊಂಡಿದ್ದರಲ್ಲಿ 44 ಹೋಗುತ್ತದೆ, ಮಾರಿದ್ದರಲ್ಲಿ 36 ನಿಮಗೆ ಬರುತ್ತದೆ, ನಿಜವಾಗಿ ಹೋಗಿದ್ದು 8. ಎರಡನೇ ವಾರ 53 ಹೋಗಿ 40 ಬರುತ್ತದೆ, 13. ಎರಡು ಗೆರೆಗಳ ಆಕಾರ ಬೇರೆ ಬೇರೆ ಇರುವುದೇ ಇಲ್ಲಿ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಕೊನೇ ವಾರ ಮಾತ್ರ 166 ಹೋಗಿ 23 ಬರುವುದರಿಂದ ಇದರಲ್ಲೂ ಅಷ್ಟರೊಳಗೆ ಹೊರಬರಬೇಕು. 25500 ದಾಟಿದ ಲಾಭ ನಿಮಗೆ ಸಿಗುವುದಿಲ್ಲ, ಮಾರುವ ಕಾಲ್ ಆಪ್ಷನ್‌ಗೆ ಮಾರ್ಜಿನ್, ಅಂದರೆ ಬ್ರೋಕರ್ ಹತ್ತಿರ ಇಡುವ ಭದ್ರತಾ ಹಣ ಕೂಡ ಬೇಕಾಗುತ್ತದೆ, ಕೊಳ್ಳುವ ಆರ್ಡರ್ ಮೊದಲು ಹಾಕಿ ಆಮೇಲೆ ಮಾರಿದರೆ ಅದು ಬಹಳ ಕಮ್ಮಿ ಆಗುತ್ತದೆ, ಆದರೂ ಮೊದಲು 332 ಪೂರ್ತಿ ಕೊಡಬೇಕಾದ್ದರಿಂದ ಖಾತೆಯಲ್ಲಿ 192ಕ್ಕಿಂತ ಜಾಸ್ತಿ ದುಡ್ಡು ಇರಲೇಬೇಕು. ಹೊರಬರುವಾಗ ಉಲ್ಟಾ, ಮಾರಿದ್ದನ್ನು ಮೊದಲು ವಾಪಸ್ ಕೊಂಡು ಆಮೇಲೆ ನಿಮ್ಮದನ್ನು ಮಾರಿ.